ಕಳಿಸಿದ್ದೆಷ್ಟು, ತಲುಪಿದ್ದೆಷ್ಟು?

2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ ಅವಧಿಯಲ್ಲಿ ಇಂಗ್ಲೆಂಡಿನ 15,841 ಕೋವಿಡ್ ಪ್ರಕರಣಗಳು ಸರ್ಕಾರದ ದೈನಂದಿನ ಲೆಕ್ಕಕ್ಕೆ ಸೇರಲೇ ಇಲ್ಲ. ಪ್ರಯೋಗಾಲಯಗಳು ಪರೀಕ್ಷೆ ನಡೆಸಿದ್ದವು, ಫಲಿತಾಂಶಗಳನ್ನು ಸಿಎಸ್‌ವಿ ಕಡತಗಳಲ್ಲಿ ಕಳಿಸಿಯೂ ಇದ್ದವು. ಸೋಂಕಿತರಿಗೆ ತಮ್ಮ ಫಲಿತಾಂಶ ತಿಳಿದಿತ್ತು. ಆದರೆ ಆ ಕಡತಗಳನ್ನು ಕೇಂದ್ರದ ವ್ಯವಸ್ಥೆಗೆ ಸೇರಿಸುವ ದಾರಿಯಲ್ಲಿ ಎಕ್ಸೆಲ್‌ನ ಹಳೆಯ ಎಕ್ಸ್‌ಎಲ್‌ಎಸ್ ನಮೂನೆಯ ಹಾಳೆಯೊಂದಿತ್ತು. ಆ ನಮೂನೆಯ ಒಂದು ಹಾಳೆಯಲ್ಲಿ 65,536 ಸಾಲುಗಳಿಗಷ್ಟೇ ಜಾಗ. ಒಂದೊಂದು ಪರೀಕ್ಷೆಯ ವಿವರ ಹಲವು ಸಾಲುಗಳನ್ನು ಹಿಡಿಯುತ್ತಿದ್ದುದರಿಂದ ಒಂದು ಹಾಳೆಯಲ್ಲಿ ಸುಮಾರು 1,400 ಪ್ರಕರಣಗಳಷ್ಟೇ ಹಿಡಿಸುತ್ತಿದ್ದವು. ಹಾಳೆ ತುಂಬಿದ ಮೇಲೆ ಬಂದವುಗಳಿಗೆ ಜಾಗ ಸಿಗಲಿಲ್ಲ.

ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕಿ ಎಚ್ಚರಿಸುವ ಸಿಬ್ಬಂದಿಗೂ ಈ ಹೆಸರುಗಳು ಸಕಾಲಕ್ಕೆ ಹೋಗಲಿಲ್ಲ. ಅಕ್ಟೋಬರ್ 2ರ ರಾತ್ರಿ ತಪ್ಪು ಗೊತ್ತಾಗಿ, ಬಿಟ್ಟುಹೋದ ಪ್ರಕರಣಗಳನ್ನು ಸೇರಿಸಿದಾಗ ಅಕ್ಟೋಬರ್ 4ರ ಒಂದೇ ದಿನದ ಲೆಕ್ಕ 22,961ಕ್ಕೆ ಏರಿತು. ತೀಮೋ ಫೆಟ್ಸರ್ ಮತ್ತು ಥಾಮಸ್ ಗ್ರೇಬರ್ ಎಂಬ ಅರ್ಥಶಾಸ್ತ್ರಜ್ಞರು ಮುಂದೆ ಈ ಘಟನೆಯನ್ನೇ ಅಧ್ಯಯನ ಮಾಡಿದರು. ಹೆಚ್ಚು ಪ್ರಕರಣಗಳು ಹೀಗೆ ತಡವಾದ ಪ್ರದೇಶಗಳಲ್ಲಿ ನಂತರದ ವಾರಗಳಲ್ಲಿ ಸೋಂಕೂ ಸಾವೂ ಹೆಚ್ಚಿದ್ದನ್ನು ಅವರು ಕಂಡರು.

ಆ ಎಂಟು ದಿನಗಳಲ್ಲಿ ಪ್ರತಿ ಸಲ ಕಡತ ಸೇರಿಸಿದ ಮೇಲೂ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದರೆ ಸಾಕಿತ್ತು: ಪ್ರಯೋಗಾಲಯ ಕಳಿಸಿದ ಸಾಲುಗಳೆಷ್ಟು, ಕೇಂದ್ರಕ್ಕೆ ತಲುಪಿದ ಸಾಲುಗಳೆಷ್ಟು. ಮೊದಲ ದಿನವೇ ಅಂತರ ಕಣ್ಣಿಗೆ ಬೀಳುತ್ತಿತ್ತು.

ಲೋಡ್ ಮುಗಿದರೆ ಸಾಲದು

ಬ್ಯಾಂಕಾಗಲಿ, ಆಸ್ಪತ್ರೆಯಾಗಲಿ, ಅಂಗಡಿಯಾಗಲಿ, ದಿನನಿತ್ಯದ ವ್ಯವಹಾರ ನಡೆಯುವ ಕಂಪ್ಯೂಟರ್ ವ್ಯವಸ್ಥೆ ಒಂದಿರುತ್ತದೆ. ಬಿಲ್ ಹುಟ್ಟುವುದು, ಹಣ ಜಮೆಯಾಗುವುದು ಅಲ್ಲಿಯೇ. ಅದನ್ನು ಮೂಲ ವ್ಯವಸ್ಥೆ ಎನ್ನೋಣ. ವರದಿ, ವಿಶ್ಲೇಷಣೆ, ವರ್ಷದಿಂದ ವರ್ಷಕ್ಕೆ ಹೋಲಿಕೆ ಇವೆಲ್ಲ ನಡೆಯುವುದು ಇನ್ನೊಂದು ಕಡೆ, ಡೇಟಾ ವೇರ್‌ಹೌಸ್‌ನಲ್ಲಿ. ಮೂಲದ ಮಾಹಿತಿಯನ್ನು ದಿನಕ್ಕೊಮ್ಮೆಯೋ ಗಂಟೆಗೊಮ್ಮೆಯೋ ಅಲ್ಲಿಗೆ ಸಾಗಿಸುವ ಕೆಲಸಕ್ಕೆ ಲೋಡ್ ಎಂದು ಹೆಸರು. ಸಾಮಾನ್ಯವಾಗಿ ಅದು ಮಧ್ಯರಾತ್ರಿಯ ಮೇಲೆ ತಾನಾಗಿ ನಡೆಯುತ್ತದೆ. ಬೆಳಿಗ್ಗೆ ಪರದೆಯ ಮೇಲೆ `SUCCESS` ಎಂದು ಹಸಿರು ಅಕ್ಷರ ಕಾಣುತ್ತದೆ.

ಆ ಹಸಿರು ಅಕ್ಷರಕ್ಕೆ ಅರ್ಥ ಇಷ್ಟೇ: ಹೇಳಿದ ಕೆಲಸವನ್ನು ಪ್ರೋಗ್ರಾಂ ನಡುವೆ ನಿಲ್ಲದೆ ಮುಗಿಸಿದೆ. ಎಲ್ಲ ಸಾಲುಗಳೂ ತಲುಪಿದವು ಎಂದು ಅದು ಹೇಳುವುದಿಲ್ಲ. ಇಂಗ್ಲೆಂಡಿನಲ್ಲೂ ಕಡತ ತೆರೆಯಿತು, ಹಾಳೆ ತುಂಬಿತು, ಕೆಲಸ ಮುಗಿಯಿತು. ಕಳೆದುಹೋದ ಸಾಲು ತಾನೇ ಬಂದು ದೂರು ಹೇಳುವುದಿಲ್ಲ. ಆದ್ದರಿಂದ ಲೋಡ್ ಮುಗಿದ ಮೇಲೆ ಬೇರೆಯದೇ ಒಂದು ತಾಳೆ ನಡೆಯಬೇಕು, ಅದೂ ಪ್ರತಿ ಲೋಡ್ ಆದ ಮೇಲೂ.

ಈ ತಾಳೆಗೆ ಎರಡು ಅಳತೆಗಳಿವೆ: ಸಾಲುಗಳ ಎಣಿಕೆ ಮತ್ತು ಮೊತ್ತ. ಅಕ್ಕಿ ಲಾರಿ ಬಂದಾಗ ಮಂಡಿಯವರು ಮೂಟೆ ಎಣಿಸುತ್ತಾರೆ, ತೂಕವನ್ನೂ ಹಾಕುತ್ತಾರೆ. ಮೂಟೆ ಕಡಿಮೆಯಾದರೆ ಎಣಿಕೆ ಹೇಳುತ್ತದೆ, ಮೂಟೆಯೊಳಗಿನ ಅಕ್ಕಿ ಕಡಿಮೆಯಾದರೆ ತೂಕ ಹೇಳುತ್ತದೆ. ಸಾಲುಗಳ ವಿಷಯದಲ್ಲೂ ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಒಂದು ರಾತ್ರಿಯ ಲೆಕ್ಕ

ಇದು ಹೇಗೆ ನಡೆಯುತ್ತದೆಂದು ನೋಡಲು ಒಂದು ಔಷಧ ಅಂಗಡಿ ಸರಣಿಯನ್ನು ಕಲ್ಪಿಸಿಕೊಳ್ಳೋಣ. ಶಿವಮೊಗ್ಗ, ದಾವಣಗೆರೆ, ಹುಬ್ಬಳ್ಳಿಗಳಲ್ಲಿ ಒಂದೊಂದು ದೊಡ್ಡ ಅಂಗಡಿ. ಮೂರೂ ಕಡೆಯ ಬಿಲ್‌ಗಳು ಮುಖ್ಯ ಕಚೇರಿಯ ವ್ಯವಸ್ಥೆಗೆ ಸೇರುತ್ತವೆ. ರಾತ್ರಿ ಒಂದು ಗಂಟೆಗೆ ಅಲ್ಲಿಂದ ವೇರ್‌ಹೌಸ್‌ಗೆ ಲೋಡ್. ಬಿಲ್‌ನಲ್ಲಿರುವ ಒಂದೊಂದು ಔಷಧಕ್ಕೂ ಒಂದೊಂದು ಸಾಲು.

ಮಾರ್ಚ್ 14ರ ವ್ಯವಹಾರದ ಲೋಡ್ ಮುಗಿದ ಮೇಲೆ ತಾಳೆ ನೋಡಿದರು. ಮೂಲದಲ್ಲಿ 18,460 ಸಾಲು, ಮೊತ್ತ 64,12,350 ರೂಪಾಯಿ. ವೇರ್‌ಹೌಸ್‌ನಲ್ಲಿ 18,412 ಸಾಲು, ಮೊತ್ತ 63,98,790 ರೂಪಾಯಿ. 48 ಸಾಲು, 13,560 ರೂಪಾಯಿ ಕಡಿಮೆ.

ಒಟ್ಟು ಸಂಖ್ಯೆ ಕಳೆದಿದೆ ಎಂದು ಹೇಳಿತೇ ಹೊರತು ಎಲ್ಲಿ ಕಳೆದಿದೆ ಎಂದು ಹೇಳಲಿಲ್ಲ. ಅದಕ್ಕೆ ಲೆಕ್ಕವನ್ನು ಸೀಳಬೇಕು. ಈ ಕೆಳಗಿನ ಪ್ರಶ್ನೆಯನ್ನೇ ಎರಡೂ ಕಡೆ ಕೇಳಿದರು.

```sql
SELECT store_id, COUNT(*) AS n,
       SUM(amount_paise) AS total
FROM bill_lines
WHERE bill_date = '2025-03-14'
GROUP BY store_id;
```

ಅಂಗಡಿವಾರು ಸಾಲುಗಳ ಎಣಿಕೆಯನ್ನೂ ಪೈಸೆಗಳಲ್ಲಿ ಮೊತ್ತವನ್ನೂ ಇದು ಕೊಡುತ್ತದೆ. ಶಿವಮೊಗ್ಗದ 5,210 ಸಾಲು, ದಾವಣಗೆರೆಯ 6,130 ಸಾಲು ಎರಡೂ ಕಡೆ ಒಂದೇ, ಮೊತ್ತವೂ ಒಂದೇ. ಹುಬ್ಬಳ್ಳಿಯದು ಮಾತ್ರ ಮೂಲದಲ್ಲಿ 7,120, ವೇರ್‌ಹೌಸ್‌ನಲ್ಲಿ 7,072. ಅಂದರೆ 48 ಸಾಲುಗಳೂ ಒಂದೇ ಅಂಗಡಿಯವು.

ಇನ್ನು ದಾರಿಯ ಯಾವ ಹಂತದಲ್ಲಿ ಕಳೆದವು ಎಂಬ ಪ್ರಶ್ನೆ. ಮೂಲದಿಂದ ಬಂದ ಮಾಹಿತಿ ನೇರವಾಗಿ ವರದಿಯ ಕೋಷ್ಟಕಕ್ಕೆ ಹೋಗುವುದಿಲ್ಲ. ಬಂದದ್ದನ್ನು ಬಂದ ಹಾಗೆಯೇ ಮೊದಲು ಇಳಿಸಿಕೊಳ್ಳುವ ಜಾಗಕ್ಕೆ ಸ್ಟೇಜಿಂಗ್ ಎನ್ನುತ್ತಾರೆ. ಅಲ್ಲಿಂದ ತಿದ್ದಿ, ಹೊಂದಿಸಿ ಮುಂದಿನ ಕೋಷ್ಟಕಕ್ಕೆ ಹಾಕುತ್ತಾರೆ. ಸ್ಟೇಜಿಂಗ್‌ನಲ್ಲಿ ಎಣಿಸಿದರೆ 7,120 ಸಾಲುಗಳೂ ಇದ್ದವು. ಹಾಗಾದರೆ ಅಂಗಡಿಯ ತಪ್ಪಲ್ಲ, ನೆಟ್‌ವರ್ಕ್‌ನ ತಪ್ಪಲ್ಲ, ಕಡತದ ತಪ್ಪೂ ಅಲ್ಲ. ಸ್ಟೇಜಿಂಗ್ ದಾಟಿದ ಮೇಲೆ ಏನೋ ಆಗಿದೆ.

ಇಲ್ಲಿ ಮೊತ್ತ ಒಂದು ಸುಳಿವು ಕೊಟ್ಟಿತು. 13,560ನ್ನು 48ರಿಂದ ಭಾಗಿಸಿದರೆ ಶೇಷವಿಲ್ಲದೆ 282 ರೂಪಾಯಿ 50 ಪೈಸೆ. ಬೇರೆ ಬೇರೆ ಔಷಧಗಳ ಸಾಲುಗಳು ಕಳೆದಿದ್ದರೆ ಇಷ್ಟು ಚೊಕ್ಕವಾಗಿ ಭಾಗವಾಗುವುದು ಅಪರೂಪ. ಸ್ಟೇಜಿಂಗ್‌ನಲ್ಲಿದ್ದು ವೇರ್‌ಹೌಸ್‌ನಲ್ಲಿಲ್ಲದ ಸಾಲುಗಳನ್ನು ತೆಗೆದು ನೋಡಿದಾಗ ಎಲ್ಲವೂ ಒಂದೇ ಔಷಧದವು, ಒಂದೊಂದು ಸಾಲಿನಲ್ಲಿ ಒಂದೊಂದು ಪೆಟ್ಟಿಗೆ, ಬೆಲೆ 282.50.

ಆ ಔಷಧ ಹುಬ್ಬಳ್ಳಿಗೆ ಅಂದೇ ಬೆಳಿಗ್ಗೆ ಹೊಸದಾಗಿ ಬಂದಿತ್ತು. ಬಿಲ್ ಮಾಡುವ ವ್ಯವಸ್ಥೆಯಲ್ಲಿ ಅದರ ಸಂಕೇತ ಸೇರಿತ್ತು, ವೇರ್‌ಹೌಸ್‌ನಲ್ಲಿರುವ ಔಷಧಗಳ ಪಟ್ಟಿಗೆ ಇನ್ನೂ ಸೇರಿರಲಿಲ್ಲ. ಬಿಲ್ ಸಾಲಿನೊಂದಿಗೆ ಔಷಧದ ಹೆಸರನ್ನು ಜೋಡಿಸುವಾಗ ಬಳಸಿದ್ದು `INNER JOIN`. ಎರಡೂ ಕಡೆ ಹೊಂದುವ ಸಂಕೇತ ಇದ್ದರೆ ಮಾತ್ರ ಅದು ಸಾಲನ್ನು ಮುಂದೆ ಬಿಡುತ್ತದೆ. ಇಲ್ಲದಿದ್ದರೆ ಸಾಲು ಅಲ್ಲಿಗೇ ಉಳಿಯುತ್ತದೆ, ದೋಷದ ಸಂದೇಶವೂ ಬರುವುದಿಲ್ಲ. ವೇರ್‌ಹೌಸ್‌ಗಳಲ್ಲಿ ಸಾಲುಗಳು ಕಾಣೆಯಾಗುವ ಅತಿ ಸಾಮಾನ್ಯ ದಾರಿಗಳಲ್ಲಿ ಇದೂ ಒಂದು. ಪರಿಹಾರವೂ ಹಳೆಯದೇ: `LEFT JOIN` ಬಳಸಿ ಬಿಲ್ ಸಾಲನ್ನು ಹೇಗಿದ್ದರೂ ಒಳಗೆ ಬಿಡುವುದು, ಪಟ್ಟಿಯಲ್ಲಿ ಸಂಕೇತ ಸಿಗದಿದ್ದರೆ "ಗೊತ್ತಿಲ್ಲದ ಔಷಧ" ಎಂಬ ಕಾಯ್ದಿಟ್ಟ ಒಂದು ನಮೂದಿಗೆ ಅದನ್ನು ಜೋಡಿಸುವುದು, ಪಟ್ಟಿ ಬಂದ ಮೇಲೆ ಸರಿಪಡಿಸುವುದು. ಆಗ ಹೆಸರು ಒಂದು ದಿನ ತಡವಾಗಬಹುದು, ಹಣ ಕಾಣೆಯಾಗುವುದಿಲ್ಲ.

18,460ರಲ್ಲಿ 48 ಎಂದರೆ ನೂರಕ್ಕೆ ಕಾಲು ಭಾಗದಷ್ಟು. "ಶೇಕಡಾ ಒಂದರೊಳಗಿನ ವ್ಯತ್ಯಾಸ ಪರವಾಗಿಲ್ಲ" ಎಂದು ನಿಯಮ ಮಾಡಿಕೊಂಡ ಕಡೆ ಈ ಅಂತರ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆದರೆ ಆ ಹೊಸ ಔಷಧದ ವರದಿ ತೆಗೆದರೆ ಹುಬ್ಬಳ್ಳಿಯಲ್ಲಿ ಮಾರಾಟ ಸೊನ್ನೆ. ಕಳೆಯುವ ಸಾಲುಗಳು ಎಲ್ಲ ಕಡೆಯಿಂದ ಸಮನಾಗಿ ಕಳೆಯುವುದಿಲ್ಲ. ಒಂದು ಕಾರಣಕ್ಕೆ ಕಳೆದವು ಒಂದೇ ಕಡೆಯವಾಗಿರುತ್ತವೆ, ಅಲ್ಲಿನ ಚಿತ್ರವನ್ನು ಪೂರ್ತಿ ಅಳಿಸಿಬಿಡುತ್ತವೆ. ಹಾಗಾಗಿ ಇಂಥ ತಾಳೆಯಲ್ಲಿ ಒಪ್ಪಬಹುದಾದ ವ್ಯತ್ಯಾಸ ಸೊನ್ನೆಯೇ.

ಎಣಿಕೆ ಸರಿ, ಮೊತ್ತ ಬೇರೆ

ಇನ್ನೊಂದು ರಾತ್ರಿ ಎರಡೂ ಕಡೆ 18,902 ಸಾಲುಗಳಿವೆ, ಆದರೆ ವೇರ್‌ಹೌಸ್‌ನ ಮೊತ್ತ 1,500 ರೂಪಾಯಿ ಕಡಿಮೆ ಎಂದುಕೊಳ್ಳಿ. ಸಾಲು ಕಳೆದಿಲ್ಲ ಎಂದು ನೆಮ್ಮದಿಯಾಗುವಂತಿಲ್ಲ. ಇದಕ್ಕೆ ಮುಖ್ಯವಾಗಿ ಎರಡು ಕಾರಣಗಳಿರಬಹುದು.

ಮೊದಲನೆಯದು, ಒಂದು ಸಾಲು ಕಳೆದು ಇನ್ನೊಂದು ಎರಡು ಸಲ ಬಂದಿರುವುದು. 1,740 ರೂಪಾಯಿಯ ಸಾಲು ಬಿಟ್ಟುಹೋಗಿ 240 ರೂಪಾಯಿಯದು ಇಮ್ಮಡಿಯಾದರೆ ಎಣಿಕೆ ಸಮನಾಗಿ ನಿಲ್ಲುತ್ತದೆ, ಮೊತ್ತದಲ್ಲಿ ಮಾತ್ರ 1,500ರ ಅಂತರ ಉಳಿಯುತ್ತದೆ. ಲೋಡ್ ಅರ್ಧದಲ್ಲಿ ನಿಂತು ಮತ್ತೆ ಶುರುವಾದಾಗ ಹೀಗೆ ಆಗುವುದುಂಟು. ಇದನ್ನು ಹಿಡಿಯಲು `COUNT(*)` ಜೊತೆಗೆ `COUNT(DISTINCT line_id)` ಕೂಡ ಎಣಿಸಬೇಕು. ಮೊದಲನೆಯದು ಸಾಲುಗಳೆಷ್ಟು ಎನ್ನುತ್ತದೆ, ಎರಡನೆಯದು ಬೇರೆ ಬೇರೆ ಸಾಲುಗಳೆಷ್ಟು ಎನ್ನುತ್ತದೆ. ವೇರ್‌ಹೌಸ್‌ನಲ್ಲಿ ಎರಡೂ ಒಂದೇ ಇರಬೇಕು.

ಎರಡನೆಯದು, ಸಾಲು ಬಂದಿದೆ, ಅದರೊಳಗಿನ ಹಣ ಬಂದಿಲ್ಲ. ಮೂಲದಿಂದ ಬೆಲೆ ಅಕ್ಷರ ರೂಪದಲ್ಲಿ "1,500.00" ಎಂದು ಬಂದಿರುತ್ತದೆ. ನಡುವಿನ ಅಲ್ಪವಿರಾಮವನ್ನು ಕಂಡು ಇದು ಸಂಖ್ಯೆಯಲ್ಲ ಎಂದು ಪ್ರೋಗ್ರಾಂ ತೀರ್ಮಾನಿಸುತ್ತದೆ, ಆ ಜಾಗದಲ್ಲಿ `NULL` ಎಂಬ ಖಾಲಿ ಗುರುತು ಇಡುತ್ತದೆ. `COUNT(*)` ಆ ಸಾಲನ್ನೂ ಎಣಿಸುತ್ತದೆ. `SUM` ಮಾತ್ರ ಖಾಲಿ ಜಾಗವನ್ನು ಹಾಗೇ ದಾಟಿಹೋಗುತ್ತದೆ. ಸಾವಿರ ರೂಪಾಯಿಗಿಂತ ಕಡಿಮೆಯ ಸಾಲುಗಳಲ್ಲಿ ಅಲ್ಪವಿರಾಮವೇ ಇರುವುದಿಲ್ಲವಾದ್ದರಿಂದ ಅವೆಲ್ಲ ಸರಿಯಾಗಿಯೇ ಇರುತ್ತವೆ. ಖಾಲಿ ಬೆಲೆಯ ಸಾಲುಗಳೆಷ್ಟು ಎಂದು ಪ್ರತ್ಯೇಕವಾಗಿ ಎಣಿಸಿದರೆ ಈ ಕಾರಣ ಕೂಡಲೇ ಬಯಲಾಗುತ್ತದೆ.

ಮೊತ್ತವನ್ನು ಪೈಸೆಗಳಲ್ಲಿ ಕೂಡುವುದಕ್ಕೂ ಕಾರಣವಿದೆ. ಕಂಪ್ಯೂಟರ್ ದಶಮಾಂಶ ಸಂಖ್ಯೆಗಳನ್ನು ಇಡುವ ಒಂದು ಬಗೆಯಲ್ಲಿ 10 ಪೈಸೆಯಂಥ ಸರಳ ಮೌಲ್ಯವೂ ನಿಖರವಾಗಿ ಕೂರುವುದಿಲ್ಲ. ಸಾವಿರಾರು ಸಾಲುಗಳನ್ನು ಬೇರೆ ಬೇರೆ ಕ್ರಮದಲ್ಲಿ ಕೂಡಿದಾಗ ಕೊನೆಯ ಅಂಕಿಗಳು ಬದಲಾಗಬಹುದು. ಇಂಥ ಸುಳ್ಳು ಅಂತರ ದಿನವೂ ಬಂದರೆ ನೋಡುವವರು ನಿಜವಾದ ಅಂತರವನ್ನೂ ಕಡೆಗಣಿಸಲು ಕಲಿಯುತ್ತಾರೆ. ಹಣವನ್ನು ಪೂರ್ಣ ಪೈಸೆಗಳಲ್ಲೋ, ನಿಖರ ದಶಮಾಂಶಕ್ಕೆಂದೇ ಇರುವ `DECIMAL` ಬಗೆಯಲ್ಲೋ ಇಟ್ಟರೆ ಈ ತೊಂದರೆಯಿಲ್ಲ.

ಯಾವ ದಿನದ ಲೆಕ್ಕ?

ಎರಡೂ ಕಡೆ ಒಂದೇ ಪ್ರಶ್ನೆ ಕೇಳಿದ್ದೇವೆ ಎಂದುಕೊಂಡು ಬೇರೆ ಬೇರೆ ಪ್ರಶ್ನೆ ಕೇಳಿರುವ ಸಾಧ್ಯತೆಯೂ ಇದೆ. ಮೂಲದಲ್ಲಿ ವ್ಯವಹಾರ ನಡೆಯುತ್ತಲೇ ಇರುತ್ತದೆ. ಒಂದು ಗಂಟೆಗೆ ಲೋಡ್ ಆಗಿ, ಮೂಲದ ಸಾಲುಗಳನ್ನು ಎರಡು ಗಂಟೆಗೆ ಎಣಿಸಿದರೆ ಆ ನಡುವೆ ಬಂದವೂ ಸೇರಿಬಿಡುತ್ತವೆ. ಲೋಡ್ ಯಾವ ಕ್ಷಣದವರೆಗಿನ ಸಾಲುಗಳನ್ನು ತೆಗೆದುಕೊಂಡಿತೋ ಅದೇ ಕ್ಷಣದ ಗಡಿಯೊಳಗೆ ಎರಡೂ ಕಡೆ ಎಣಿಸಬೇಕು.

ಭಾರತದಲ್ಲಿ ಈ ಗಡಿಗೆ ಇನ್ನೊಂದು ತೊಡಕಿದೆ. ಎಷ್ಟೋ ವೇರ್‌ಹೌಸ್‌ಗಳು ಸಮಯವನ್ನು ಯುಟಿಸಿ ಎಂಬ ಜಾಗತಿಕ ಮಾನದಲ್ಲಿ ಇಡುತ್ತವೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಇಡೀ ರಾತ್ರಿ ತೆರೆದಿರುವ ಔಷಧ ಅಂಗಡಿಯಲ್ಲಿ 15ರ ಬೆಳಗಿನ ಜಾವ ಎರಡು ಗಂಟೆಗೆ ಆದ ಬಿಲ್, ವೇರ್‌ಹೌಸ್‌ನ ಲೆಕ್ಕದಲ್ಲಿ 14ರ ರಾತ್ರಿ ಎಂಟೂವರೆಯದು. ಸಮಯದ ಮಾನ ಹೊಂದಿಸದೆ ದಿನವಾರು ಎಣಿಸಿದರೆ, ಯಾವ ಸಾಲೂ ಕಳೆಯದೆ ಇರುವಾಗಲೂ ತಾಳೆ ಆಗುವುದಿಲ್ಲ.

ತಡವಾಗಿ ಬರುವ ಸಾಲುಗಳು ಇದಕ್ಕಿಂತ ಅಪಾಯದವು. 14ರ ರಾತ್ರಿ ಎಂಟಕ್ಕೆ ದಾವಣಗೆರೆ ಅಂಗಡಿಯ ಇಂಟರ್ನೆಟ್ ಹೋಯಿತು ಎನ್ನೋಣ. ಅಂಗಡಿಯ ಕಂಪ್ಯೂಟರ್ ಬಿಲ್‌ಗಳನ್ನು ತನ್ನಲ್ಲೇ ಇಟ್ಟುಕೊಂಡು, ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಮುಖ್ಯ ಕಚೇರಿಗೆ ಕಳಿಸಿತು. ರಾತ್ರಿ ಒಂದರ ಲೋಡ್ ನಡೆದಾಗ ಅವು ಮುಖ್ಯ ಕಚೇರಿಯಲ್ಲೂ ಇರಲಿಲ್ಲ, ವೇರ್‌ಹೌಸ್‌ನಲ್ಲೂ ಇರಲಿಲ್ಲ. ಹೀಗಾಗಿ ಅಂದಿನ ತಾಳೆ ಸರಿಯಾಯಿತು. ಮರುದಿನದ ಲೋಡ್ "ನಾನು ಹಿಂದಿನ ಸಲ ತಂದ ಕೊನೆಯ ಬಿಲ್‌ನ ಸಮಯದಿಂದೀಚೆಗಿನವನ್ನು ಕೊಡು" ಎಂದು ಕೇಳಿತು. ತಡವಾಗಿ ಬಂದ ಬಿಲ್‌ಗಳ ಮೇಲೆ ಹಿಂದಿನ ಸಂಜೆಯ ಸಮಯವಿದ್ದುದರಿಂದ ಅವು ಆ ಕೇಳಿಕೆಯಲ್ಲಿ ಸೇರಲಿಲ್ಲ. 15ರ ಬಿಲ್‌ಗಳನ್ನಷ್ಟೇ ಎಣಿಸಿದ ಮರುದಿನದ ತಾಳೆಯೂ ಸರಿಯಾಯಿತು. ಎರಡು ದಿನವೂ ತಾಳೆ ಸರಿ, ಆದರೂ ದಾವಣಗೆರೆಯ ಒಂದು ಸಂಜೆಯ ವ್ಯಾಪಾರ ವೇರ್‌ಹೌಸ್‌ಗೆ ಎಂದೂ ಬರುವುದಿಲ್ಲ.

ಇದನ್ನು ಹಿಡಿಯುವ ದಾರಿ ಒಂದೇ: ನಿನ್ನೆಯದನ್ನು ಮಾತ್ರವಲ್ಲ, ಹಿಂದಿನ ದಿನಗಳನ್ನೂ ಪ್ರತಿ ರಾತ್ರಿ ಮತ್ತೆ ಎಣಿಸುವುದು. ಏಳು ದಿನ ಹಿಂದಕ್ಕೆ ಹೋಗಿ ಒಂದೊಂದು ದಿನದ ಎಣಿಕೆ, ಮೊತ್ತ ತಾಳೆ ನೋಡಿದರೆ 14ರ ಅಂತರ 15ರ ರಾತ್ರಿಯೇ ಹೊರಬೀಳುತ್ತದೆ. ತಿಂಗಳ ಕೊನೆಗೊಮ್ಮೆ ಇಡೀ ತಿಂಗಳನ್ನು ಎಣಿಸಿದರೆ ಇನ್ನೂ ತಡವಾಗಿ ಬಂದವೂ, ಮೂಲದಲ್ಲಿ ಆಮೇಲೆ ತಿದ್ದಿದವೂ ಅಳಿಸಿದವೂ ಗೊತ್ತಾಗುತ್ತವೆ. ಲೋಡ್ ಕೂಡ ಬಿಲ್‌ನ ಸಮಯದ ಬದಲು, ಸಾಲು ಮುಖ್ಯ ಕಚೇರಿಗೆ ಬಂದ ಸಮಯವನ್ನು ನೋಡಿ ತೆಗೆದುಕೊಳ್ಳುವಂತೆ ಬದಲಾಗಬೇಕು.

ತಾಳೆ ಕಾಣಲಾರದ್ದು

ಮಾರಾಟದ ಜೊತೆ ವಾಪಸಾತಿಯೂ ಇದ್ದರೆ ಒಂದರ ಹಣ ಇನ್ನೊಂದನ್ನು ಮರೆಮಾಡಬಹುದು. 500 ರೂಪಾಯಿಯ ಮಾರಾಟದ ಸಾಲೂ, 500 ರೂಪಾಯಿ ವಾಪಸ್ ಕೊಟ್ಟ ಸಾಲೂ ಒಟ್ಟಿಗೆ ಕಳೆದರೆ ಮೊತ್ತ ಬದಲಾಗುವುದಿಲ್ಲ. ಬ್ಯಾಂಕಿಂಗ್ ಜಗತ್ತು ಇದನ್ನು ಬಹಳ ಹಿಂದೆಯೇ ಅರಿತಿದೆ. ಅಮೆರಿಕದ ಬ್ಯಾಂಕುಗಳು ಸಂಬಳ, ಬಿಲ್ ಪಾವತಿಗಳನ್ನು ಒಟ್ಟೊಟ್ಟಿಗೆ ಕಳಿಸಲು ಬಳಸುವ ಎಸಿಎಚ್ ಕಡತದ ಕೊನೆಯಲ್ಲಿ ನಮೂದುಗಳ ಎಣಿಕೆ, ಖರ್ಚಿನ ಮೊತ್ತ, ಜಮೆಯ ಮೊತ್ತ ಮೂರನ್ನೂ ಬೇರೆ ಬೇರೆಯಾಗಿ ಬರೆದಿರಬೇಕು. ಅದರ ಜೊತೆಗೆ ನಮೂದುಗಳನ್ನು ಪಡೆಯುವ ಬ್ಯಾಂಕುಗಳ ಗುರುತಿನ ಸಂಖ್ಯೆಗಳನ್ನೂ ಕೂಡಿ ಇಡುತ್ತಾರೆ. ಬ್ಯಾಂಕುಗಳ ಸಂಕೇತಗಳನ್ನು ಕೂಡಿದರೆ ಬರುವ ಸಂಖ್ಯೆಗೆ ಅರ್ಥವೇನೂ ಇಲ್ಲ. ಆದರೆ ಒಂದು ನಮೂದು ಕಳೆದು ಅಷ್ಟೇ ಹಣದ ಇನ್ನೊಂದು ಅದರ ಜಾಗಕ್ಕೆ ಬಂದರೆ, ಎಣಿಕೆಯೂ ಹಣವೂ ಸರಿಯಿರುವಾಗ ಈ ಅರ್ಥವಿಲ್ಲದ ಮೊತ್ತ ತಪ್ಪನ್ನು ತೋರಿಸುತ್ತದೆ. ವೇರ್‌ಹೌಸ್‌ನಲ್ಲೂ ಮಾರಾಟ, ವಾಪಸಾತಿಗಳನ್ನು ಬೇರೆಯಾಗಿ ಕೂಡಿ, `line_id`ಗಳ ಮೊತ್ತವನ್ನೂ ಇಟ್ಟುಕೊಂಡರೆ ಇದೇ ಕಾವಲು ಸಿಗುತ್ತದೆ.

ಇಷ್ಟಾದರೂ ಕೆಲವು ತಪ್ಪುಗಳು ಈ ಜರಡಿಗೆ ಸಿಗುವುದಿಲ್ಲ. ಗ್ರಾಹಕನ ಹೆಸರು ಕೆಟ್ಟು ಬಂದರೆ ಎಣಿಕೆಗೂ ಮೊತ್ತಕ್ಕೂ ಗೊತ್ತಾಗದು. ಅಂಗಡಿಯಲ್ಲಿ ಬಿಲ್ಲೇ ಮಾಡದಿದ್ದರೆ ಮೂಲದಲ್ಲೂ ಸಾಲಿಲ್ಲ, ತಾಳೆಗೆ ಸಿಗುವುದೇನೂ ಇಲ್ಲ. ಮೂಲದಲ್ಲಿದ್ದದ್ದು ವೇರ್‌ಹೌಸ್ ತಲುಪಿತೇ ಎಂಬುದಕ್ಕಷ್ಟೇ ಇದು ಉತ್ತರ.

ತಾಳೆಯಾಗದ ದಿನ

ಎಲ್ಲ ಸಾಲೂ ವೇರ್‌ಹೌಸ್‌ಗೆ ಬರಲೇಬೇಕೆಂದಿಲ್ಲ. ಹೊಸ ಸಿಬ್ಬಂದಿ ಕಲಿಯುವಾಗ ಮಾಡಿದ ಬಿಲ್‌ಗಳನ್ನು ಬೇಕೆಂದೇ ಬಿಡುತ್ತೇವೆ. ದಿನಾಂಕವೇ ಇಲ್ಲದ ಸಾಲನ್ನು ತಿರಸ್ಕರಿಸಿ ಪಕ್ಕಕ್ಕಿಡುತ್ತೇವೆ. ಆದರೆ ಬಿಟ್ಟಿದ್ದಕ್ಕೂ ತಿರಸ್ಕರಿಸಿದ್ದಕ್ಕೂ ಲೆಕ್ಕ ಇರಲೇಬೇಕು. ಮೂಲದಲ್ಲಿ 19,040 ಸಾಲಿದ್ದರೆ, ಸೇರಿದವು 19,011, ತಿರಸ್ಕರಿಸಿದವು 7, ಬಿಟ್ಟವು 22 ಎಂದು ಕೂಡಿ ಮತ್ತೆ 19,040 ಆಗಬೇಕು. ಆಗ ಆ ಏಳು ಸಾಲು ಕಳೆದುಹೋದವಲ್ಲ, ಯಾರೋ ಒಬ್ಬರು ನೋಡಿ ಸರಿಪಡಿಸಬೇಕಾದ ಕೆಲಸ.

ಕೂಡಿ ಬರದಿದ್ದರೆ ಆ ದಿನದ ವರದಿ ಹೊರಗೆ ಹೋಗಬಾರದು. ತಾಳೆ ನೋಡಿ, ಅಂತರವನ್ನು ಎಲ್ಲೋ ಬರೆದಿಟ್ಟು, ವರದಿಯನ್ನು ಮಾತ್ರ ಎಂದಿನಂತೆ ಕಳಿಸುವ ಕಡೆ ತಾಳೆ ಹೆಸರಿಗಷ್ಟೇ ಇರುತ್ತದೆ. ಹಿಂದಿನ ದಿನದವರೆಗಿನ ಸರಿಯಾದ ವರದಿಯನ್ನು ತೋರಿಸಿ, ನಿನ್ನೆಯದು ತಡವಾಗುತ್ತದೆ ಎಂದು ಹೇಳುವುದು ಮೇಲು. ವ್ಯತ್ಯಾಸವಾದ ಮೊತ್ತವನ್ನು ವೇರ್‌ಹೌಸ್‌ನಲ್ಲಿ ಕೈಯಿಂದ ಸೇರಿಸಿ ಲೆಕ್ಕ ಸರಿದೂಗಿಸುವ ಆಸೆಯನ್ನೂ ತಡೆಯಬೇಕು. ಕಾರಣ ಸಿಗುವ ಮೊದಲು ಸಂಖ್ಯೆ ಸರಿಯಾದರೆ ಕಾರಣವನ್ನು ಹುಡುಕುವವರೇ ಇರುವುದಿಲ್ಲ, ಮರುದಿನ ಅದೇ ದಾರಿಯಲ್ಲಿ ಇನ್ನಷ್ಟು ಸಾಲುಗಳು ಹೋಗುತ್ತವೆ. ಕಾರಣ ಸರಿಪಡಿಸಿ, ಆ ದಿನವನ್ನು ಮತ್ತೆ ಲೋಡ್ ಮಾಡಿ, ಮತ್ತೆ ಎಣಿಸಬೇಕು.

ಪ್ರತಿ ತಾಳೆಯ ಫಲಿತಾಂಶವನ್ನೂ ಒಂದು ಕೋಷ್ಟಕದಲ್ಲಿ ಉಳಿಸಿ, ವರದಿಯ ಕೆಳಗೆ ಒಂದು ಸಾಲಿನಲ್ಲಿ ಮುದ್ರಿಸುವುದು ಕಷ್ಟದ ಕೆಲಸವಲ್ಲ: ಯಾವ ಕ್ಷಣದವರೆಗಿನ ಲೆಕ್ಕ, ಮೂಲದಲ್ಲೆಷ್ಟು, ಇಲ್ಲಿ ಎಷ್ಟು, ಪಕ್ಕಕ್ಕಿಟ್ಟದ್ದೆಷ್ಟು. ವರದಿ ಓದುವವರು ಕಂಪ್ಯೂಟರ್ ಬಲ್ಲವರಾಗಬೇಕಿಲ್ಲ. ಅಂಗಡಿಯ ಮ್ಯಾನೇಜರ್ ಆಗಲಿ, ಜಿಲ್ಲೆಯ ಆರೋಗ್ಯಾಧಿಕಾರಿಯಾಗಲಿ, ಆ ಸಾಲು ಇಲ್ಲದ ವರದಿಯನ್ನು ನಂಬುವ ಮೊದಲು "ಕಳಿಸಿದ್ದೆಲ್ಲ ಇದರಲ್ಲಿದೆಯೇ, ಹೇಗೆ ಗೊತ್ತು?" ಎಂದು ಕೇಳುವ ಹಕ್ಕು ಅವರಿಗಿದೆ. ಅದಕ್ಕೆ ಎರಡು ಸಂಖ್ಯೆಗಳಲ್ಲಿ ಉತ್ತರ ಕೊಡುವುದು ವರದಿ ಕೊಟ್ಟವರ ಹೊಣೆ.